ಬಿಚ್ಚಿ ಕಟ್ಟುವ ದಾರ

ಮುಂಬೈನ ಚರ್ಚ್‌ಗೇಟ್ ಸ್ಟೇಷನ್ನಿನಿಂದ ಹೊರಬಿದ್ದು ಫ್ಲೋರಾ ಫೌಂಟನ್ ಕಡೆ ನಡೆದರೆ ಕ್ರಾಸ್ ಮೈದಾನದ ಅಂಚಿನಲ್ಲಿ ಒಂದು ಹಳೆಯ ಬಾವಿ ಸಿಗುತ್ತದೆ. 1725ರಲ್ಲಿ ಭಿಖಾ ಬೆಹ್ರಾಮ್ ಎಂಬ ಪಾರ್ಸಿ ತೋಡಿಸಿದ ಬಾವಿ ಅದು. ಪಾರ್ಸಿಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಆದರೆ ಫುಟ್‌ಪಾತಿನಲ್ಲಿ ನಿಂತವರ ಕಣ್ಣಿಗೆ ಒಳಗೆ ನಡೆಯುವುದು ಅಷ್ಟಿಷ್ಟು ಬೀಳುತ್ತದೆ. ಆಫೀಸಿಗೆ ಹೊರಟ ಒಬ್ಬರು ಬ್ಯಾಗನ್ನು ಬದಿಗಿಟ್ಟು ತಲೆಗೆ ಟೋಪಿ ಹಾಕಿಕೊಳ್ಳುತ್ತಾರೆ, ಕೈ ಮುಖ ತೊಳೆದು ಒರೆಸಿಕೊಳ್ಳುತ್ತಾರೆ. ಆಮೇಲೆ ಸೊಂಟದಿಂದ ಒಂದು ಬಿಳಿಯ ದಾರವನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಏನನ್ನೋ ಪಠಿಸುತ್ತಾರೆ. ನಡುನಡುವೆ ಚಾಟಿ ಬೀಸಿದಂತೆ ಅದನ್ನು ಸಣ್ಣಗೆ ಜಾಡಿಸುತ್ತಾರೆ. ಮತ್ತೆ ಅದೇ ದಾರವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡು, ಬ್ಯಾಗ್ ಹೆಗಲಿಗೇರಿಸಿ ರಸ್ತೆಗಿಳಿಯುತ್ತಾರೆ. ಎಲ್ಲ ಸೇರಿ ಕೆಲವೇ ನಿಮಿಷಗಳ ಕೆಲಸ.

ಆ ದಾರದ ಹೆಸರು ಕುಸ್ತಿ. ನಮ್ಮ ಗರಡಿಮನೆಯ ಕುಸ್ತಿಯಲ್ಲ, ಜರತುಷ್ಟ್ರ ಧರ್ಮದವರು ಒಳ ಅಂಗಿಯ ಮೇಲೆ ಕಟ್ಟಿಕೊಳ್ಳುವ ಪವಿತ್ರ ಸೂತ್ರ. ಒಳ ಅಂಗಿಯನ್ನು ಸುದ್ರೆ ಎನ್ನುತ್ತಾರೆ. ಅದು ತೆಳುವಾದ ಬಿಳಿ ಹತ್ತಿ ಬಟ್ಟೆಯದು. ಅದರ ಕೊರಳಿನ ಬಳಿ ಒಂದಂಗುಲದಷ್ಟು ಚಿಕ್ಕ ಚೀಲವೊಂದನ್ನು ಹೊಲಿದಿರುತ್ತಾರೆ. ಮಾಡಿದ ಒಳ್ಳೆಯ ಕೆಲಸವೆಲ್ಲ ಅದರಲ್ಲಿ ಕೂಡುತ್ತಾ ಹೋಗಬೇಕು ಎನ್ನುವುದು ಅದರ ಹಿಂದಿನ ಭಾವನೆ. ಹುಡುಗ ಹುಡುಗಿ ಇಬ್ಬರಿಗೂ ಸಾಮಾನ್ಯವಾಗಿ ಏಳು, ಒಂಬತ್ತು ಅಥವಾ ಹನ್ನೊಂದನೆಯ ವಯಸ್ಸಿನಲ್ಲಿ ನವಜೋತ್ ಎಂಬ ಸಂಸ್ಕಾರ ಮಾಡಿ ಸುದ್ರೆ ಕುಸ್ತಿಗಳನ್ನು ಕೊಡುತ್ತಾರೆ. ಅಲ್ಲಿಂದ ಮುಂದೆ ಬದುಕಿರುವಷ್ಟು ದಿನವೂ ಅವು ಮೈಮೇಲೆ ಇರಬೇಕು.

ಇಷ್ಟು ಕೇಳಿದೊಡನೆ ನಮಗೆ ಜನಿವಾರ ನೆನಪಾಗುವುದು ಸಹಜ. ಆದರೆ ಕುಸ್ತಿಗೆ ಹೆಚ್ಚು ಹತ್ತಿರದ ನಂಟು ಇರುವುದು ಉಪನಯನದ ದಿನ ವಟುವಿನ ನಡುವಿಗೆ ಕಟ್ಟುವ ಮೌಂಜಿಗೆ, ಅಂದರೆ ಮುಂಜ ಹುಲ್ಲಿನ ಮೇಖಲೆಗೆ. ಅದೂ ಸೊಂಟದ ಸುತ್ತ, ಅದೂ ಮೂರು ಸುತ್ತು. ಇಂಡೋ-ಇರಾನಿ ಜನರು ಒಟ್ಟಿಗೆ ಇದ್ದ ಕಾಲದ ಒಂದೇ ಪದ್ಧತಿ ಎರಡು ಕವಲಾಗಿ ಹರಿದಿರಬೇಕು ಎಂದು ವಿದ್ವಾಂಸರು ಹೇಳುವುದು ಇದನ್ನು ನೋಡಿಯೇ. ಮೌಂಜಿ ನಮ್ಮಲ್ಲಿ ಬ್ರಹ್ಮಚರ್ಯದ ಜೊತೆಗೇ ಮುಗಿದುಹೋಯಿತು, ಜನಿವಾರ ಉಳಿಯಿತು. ಪಾರ್ಸಿಗಳಲ್ಲಿ ಸೊಂಟದ ಸೂತ್ರವೇ ಉಳಿಯಿತು, ಗಂಡಿಗೂ ಹೆಣ್ಣಿಗೂ.

ನಂಟು ಅಷ್ಟಕ್ಕೇ ನಿಲ್ಲುತ್ತದೆ. ಜನಿವಾರವನ್ನು ಮೈಯಿಂದ ತೆಗೆಯುವುದಿಲ್ಲ. ಹೊಸದನ್ನು ಹಾಕಿಕೊಂಡ ಮೇಲಷ್ಟೇ ಹಳೆಯದು ಹೊರಬರುತ್ತದೆ. ನಮ್ಮ ಮಕ್ಕಳ ಉಡಿದಾರವೂ ಹಾಗೆಯೇ, ತಾನಾಗಿ ಸವೆದು ಹರಿಯುವ ತನಕ ಇರುತ್ತದೆ. ಕುಸ್ತಿಯ ವಿಚಾರವೇ ಬೇರೆ. ಅದನ್ನು ಕಟ್ಟಿಕೊಂಡು ಸುಮ್ಮನಿದ್ದರೆ ಸಾಲದು, ದಿನಕ್ಕೆ ಹಲವು ಸಲ ಬಿಚ್ಚಲೇಬೇಕು. ಬಿಚ್ಚದೆ ಇಟ್ಟ ಕುಸ್ತಿ ಮೈಮೇಲೆ ಇದ್ದೂ ಕರ್ತವ್ಯ ತಪ್ಪಿದಂತೆ. ಆ ಬಿಚ್ಚಿ ಕಟ್ಟುವ ನಡುವಿನ ಕೆಲವು ನಿಮಿಷಗಳಲ್ಲೇ ಆ ಧರ್ಮದ ತಿರುಳಿದೆ ಎಂದು ನನಗನ್ನಿಸುತ್ತದೆ.

ಮೊದಲು ದಾರವನ್ನು ನೋಡೋಣ. ಅದು ನೂಲಿನದಲ್ಲ, ಕುರಿಮರಿಯ ಉಣ್ಣೆಯದು. ನೋಡಲು ಚಪ್ಪಟೆಯಾದ ಕಿರಿದಾದ ಪಟ್ಟಿ, ಆದರೆ ಒಳಗೆ ಪೊಳ್ಳು, ಕೊಳವೆಯಂತೆ ನೇಯ್ದದ್ದು. ನೇಯುವ ಹಕ್ಕು ಸಾಂಪ್ರದಾಯಿಕವಾಗಿ ಪುರೋಹಿತ ಮನೆತನದ ಹೆಂಗಸರದು. ಗುಜರಾತಿನ ನವಸಾರಿ ಅದಕ್ಕೆ ಹೆಸರಾದ ಊರು. ಅಲ್ಲಿನ ಪುರೋಹಿತರ ಸಂಸಾರಗಳಲ್ಲಿ ಗಂಡನ ದಕ್ಷಿಣೆಯ ಜೊತೆಗೆ ಹೆಂಡತಿಯ ಕುಸ್ತಿಯ ದುಡಿಮೆಯೂ ಮನೆ ನಡೆಸುತ್ತಿತ್ತು. ಉಣ್ಣೆಯನ್ನು ಸಣ್ಣಗೆ ನೂತು, ಎರಡೆಳೆ ಸೇರಿಸಿ ಹುರಿ ಮಾಡಿ, ಅಂಥ 72 ಎಳೆಗಳನ್ನು ಸಣ್ಣ ಮಗ್ಗಕ್ಕೆ ಹೂಡುತ್ತಾರೆ. ಎಳೆ ಬಿಡಿಬಿಡಿಯಾಗಿರದೆ ಒಂದೇ ಸುತ್ತಾಗಿ ಹೋಗುವುದರಿಂದ ನೇಯ್ಗೆ ಮುಗಿದಾಗ ಕುಸ್ತಿಗೆ ತುದಿಯೇ ಇರುವುದಿಲ್ಲ, ಎರಡು ಕೊನೆಗಳೂ ಕೂಡಿಕೊಂಡಿರುತ್ತವೆ. ಅದನ್ನು ಕತ್ತರಿಸುವುದು ಹೆಂಗಸಿನ ಕೆಲಸವಲ್ಲ. ಪುರೋಹಿತರು ಮಂತ್ರ ಹೇಳಿ ಕತ್ತರಿಸಿಕೊಡಬೇಕು. ಹಾಗೆ ಕತ್ತರಿಸಿದ ಮೇಲೆ ಅದು ಮತ್ತೆ ಅದೇ ಹೆಂಗಸಿನ ಕೈಗೆ ಬರುತ್ತದೆ. ಅವಳು ಸೂಜಿಯಿಂದ ಇಡೀ ಕೊಳವೆಯನ್ನು ಒಳಹೊರಗು ಮಾಡಿ ತಿರುವುತ್ತಾಳೆ. ನೇಯ್ಗೆಯ ಒರಟೆಲ್ಲ ಒಳಕ್ಕೆ ಹೋಗಿ ನಯವಾದ ಮೈ ಹೊರಗೆ ಬರುತ್ತದೆ. ಆಮೇಲೆ ಎರಡೂ ತುದಿಗಳಲ್ಲಿ ನೇಯದೆ ಉಳಿದ 72 ಎಳೆಗಳನ್ನು 24ರಂತೆ ಮೂರು ಪಾಲು ಮಾಡಿ ಹೆಣೆಯುತ್ತಾಳೆ. ಅಲ್ಲಿಗೆ ಒಂದೊಂದು ತುದಿಗೆ ಮೂರರಂತೆ ಆರು ಕುಚ್ಚುಗಳು. ತೊಳೆದು, ಗಂಧಕದ ಹೊಗೆ ಕೊಟ್ಟು ಬಿಳುಪು ಮಾಡಿದರೆ ಕುಸ್ತಿ ಸಿದ್ಧ.

ಈ ಅಂಕಿಗಳಿಗೆ ಅರ್ಥವನ್ನು ಪ್ರತಿ ಪಾರ್ಸಿ ಮಗುವೂ ಬಾಯಿಪಾಠ ಮಾಡಿರುತ್ತದೆ. 72 ಎಳೆ ಎಂದರೆ ಅವರ ಮುಖ್ಯ ಪೂಜಾಗ್ರಂಥ ಯಸ್ನದ 72 ಅಧ್ಯಾಯಗಳು, 24 ಎಂದರೆ ವಿಸ್ಪೆರದ್ ಎಂಬ ಇನ್ನೊಂದು ಪಾಠದ ಭಾಗಗಳು, ಆರು ಕುಚ್ಚು ಎಂದರೆ ವರ್ಷದ ಆರು ಗಹಂಬಾರ್ ಹಬ್ಬಗಳು, ಮೂರು ಸುತ್ತು ಎಂದರೆ ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ. ವಿಸ್ಪೆರದ್‌ನ ಭಾಗಗಳನ್ನು ಎಣಿಸುವ ಕ್ರಮ ಬದಲಾದರೆ 24ರ ಬದಲು 23 ಬರುವುದೂ ಉಂಟು. ದಾರ ಮೊದಲು ಇತ್ತು, ಲೆಕ್ಕಕ್ಕೆ ಅರ್ಥ ಆಮೇಲೆ ಕೂಡಿಕೊಂಡಿತು ಎಂದೇ ನನ್ನ ಊಹೆ. ಮೂರು ಸುತ್ತಿನ ಮಾತು ಮಾತ್ರ ಬೇರೆ. ಯೋಚನೆ, ಮಾತು, ಕೆಲಸ ಎಂಬ ತ್ರಿಕ ಆ ಧರ್ಮದ ಅತ್ಯಂತ ಹಳೆಯ ಪಾಠಗಳಲ್ಲೇ ಇದೆ.

ಇನ್ನು ವಿಧಿ. ಇದಕ್ಕೆ ಪಾದ್ಯಾಬ್-ಕುಸ್ತಿ ಎನ್ನುತ್ತಾರೆ. ಪಾದ್ಯಾಬ್ ಎಂದರೆ ನೀರಿನ ಭಾಗ. ‘ಅಶೆಮ್ ವೊಹು’ ಎಂಬ ಹನ್ನೆರಡು ಪದಗಳ ಪ್ರಾರ್ಥನೆ ಹೇಳಿ ಮುಖ, ಕೈ, ಬಟ್ಟೆಯ ಹೊರಗಿರುವ ಮೈಯೆಲ್ಲ ತೊಳೆದು ಒರೆಸಿಕೊಳ್ಳುವುದು. ಒದ್ದೆ ಕೈಯಲ್ಲಿ ಕುಸ್ತಿ ಮುಟ್ಟುವಂತಿಲ್ಲ. ಆಮೇಲೆ ಬೆಳಕಿನ ಕಡೆ ಮುಖ ಮಾಡಿ ನಿಲ್ಲಬೇಕು. ಬೆಳಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ರಾತ್ರಿಯಾದರೆ ದೀಪ, ಚಂದ್ರ, ನಕ್ಷತ್ರ, ಯಾವುದು ಕಂಡರೆ ಅದರ ಕಡೆ. ಏನೂ ಇಲ್ಲದಿದ್ದರೆ ದಕ್ಷಿಣ. ಉತ್ತರ ಮಾತ್ರ ಯಾವ ಕಾಲಕ್ಕೂ ಆಗದು, ಏಕೆಂದರೆ ಕೆಡುಕಿನ ಶಕ್ತಿಗಳು ಅಲ್ಲಿಂದ ಬರುತ್ತವೆ ಎನ್ನುವುದು ಪ್ರಾಚೀನ ಇರಾನಿಗಳ ನಂಬಿಕೆ. ನಮಗೆ ತೆಂಕಣ ದಿಕ್ಕು ಯಮನದಾದರೆ ಅವರಿಗೆ ಬಡಗಣ ದಿಕ್ಕು ಕೆಡುಕಿನ ಒಡೆಯ ಅಹ್ರಿಮಾನನದು.

ಬೆಳಕಿಗೆ ಮುಖ ಮಾಡಿ ಮೊದಲು ಹೇಳುವುದು ‘ಕೇಮ್ ನಾ ಮಜ್ದಾ’. ಕುಸ್ತಿ ಇನ್ನೂ ಸೊಂಟದಲ್ಲೇ ಇರುತ್ತದೆ. ಪ್ರಾರ್ಥನೆ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: ದುಷ್ಟನೊಬ್ಬ ನನ್ನ ಮೇಲೆ ಎರಗಿ ಬರುವಾಗ, ನಿನ್ನ ಅಗ್ನಿ ಮತ್ತು ನಿನ್ನ ಮನಸ್ಸನ್ನು ಬಿಟ್ಟರೆ ನನ್ನನ್ನು ಕಾಯಲು ಇನ್ನಾರನ್ನು ಕೊಡುವೆ ಎಂದು ಭಕ್ತ ಮಜ್ದಾನನ್ನು, ಅಂದರೆ ದೇವರಾದ ಅಹುರ ಮಜ್ದಾನನ್ನು, ಕೇಳುತ್ತಾನೆ. ಈ ಮಾತುಗಳು ಬಂದದ್ದು ಯಸ್ನದ 46ನೆಯ ಅಧ್ಯಾಯದಿಂದ, ಜರತುಷ್ಟ್ರನದೇ ಎನ್ನಲಾಗುವ ಗಾಥಾಗಳಲ್ಲಿ ಒಂದರಿಂದ. ಆ ಗಾಥಾದ ಹಿನ್ನೆಲೆ ತಿಳಿದರೆ ಪ್ರಶ್ನೆ ಇನ್ನಷ್ಟು ತಟ್ಟುತ್ತದೆ. ಬಂಧುಗಳೂ ಊರಿನವರೂ ಕೈಬಿಟ್ಟ ಮನುಷ್ಯ, ದನಕರು ಕಡಿಮೆ, ಜನಬಲ ಕಡಿಮೆ, ಯಾವ ನೆಲಕ್ಕೆ ಓಡಲಿ ಎಂದು ತಿಳಿಯದೆ ಆಡುವ ಮಾತು ಅದು. ರಕ್ಷಣೆಯ ದಾರವನ್ನು ಬಿಚ್ಚುವ ಹೊತ್ತಿಗೆ ಸರಿಯಾಗಿ, ನನ್ನನ್ನು ಕಾಯುವವರು ಯಾರು ಎಂಬ ನಿರಾಶ್ರಿತನ ಪ್ರಶ್ನೆಯನ್ನು ಇಟ್ಟವರು ಸುಮ್ಮನೆ ಇಟ್ಟಿರಲಾರರು.

ಆ ಪ್ರಾರ್ಥನೆ ಮುಗಿಯುತ್ತಿದ್ದಂತೆ ಹಿಂದಿನ ಗಂಟು, ಮುಂದಿನ ಗಂಟು ಬಿಚ್ಚಿ ಕುಸ್ತಿಯನ್ನು ಸೊಂಟದಿಂದ ತೆಗೆಯುತ್ತಾರೆ. ಮಡಿಸಿ ಎರಡೂ ಕೈಯಲ್ಲಿ ಹಿಡಿಯುತ್ತಾರೆ, ತುದಿಗಳು ನೆಲಕ್ಕೆ ತಾಗಬಾರದು. ಈಗ ಹೇಳುವ ‘ಹೋರ್ಮಜ್ದ್ ಖೊದಾಯ್’ ಗಾಥಾಗಳಷ್ಟು ಪ್ರಾಚೀನವಲ್ಲ. ಅದರ ಭಾಷೆ ಅವೆಸ್ತಾದ್ದಲ್ಲ, ಎಷ್ಟೋ ಶತಮಾನಗಳ ಆಮೇಲಿನ ಪಾಜಂದ್. ಇಲ್ಲಿ ಧ್ವನಿಯೇ ಬದಲಾಗುತ್ತದೆ. ಹೋರ್ಮಜ್ದ್ ಎಂದರೆ ಅಹುರ ಮಜ್ದಾನೇ. ಅವನು ದೊರೆಯಾಗಲಿ, ಅಹ್ರಿಮಾನ್ ಸೋಲಲಿ ಎಂದು ಸಾರಿ, ದೆವ್ವಗಳು, ಮಾಟಗಾರರು, ದಬ್ಬಾಳಿಕೆ ಮಾಡುವವರು ಎಂದು ಒಬ್ಬೊಬ್ಬರನ್ನೇ ಹೆಸರಿಸಿ ನೂಕುತ್ತಾರೆ. ದಾರವನ್ನು ಜಾಡಿಸುವುದು ಅಹ್ರಿಮಾನನ ಹೆಸರು ಬಂದಾಗ. ಭಿಖಾ ಬೆಹ್ರಾಮ್ ಬಾವಿಯ ಬಳಿ ಹಾದುಹೋಗುವವರಿಗೆ ವಿಚಿತ್ರವಾಗಿ ಕಾಣುವ ಆ ಚಾಟಿಯೇಟು ಇದೇ. ಕೆಲವರು ಕೈಯನ್ನು ತುಸುವೇ ಅಲುಗಿಸಿ ಮುಗಿಸುತ್ತಾರೆ, ಕೆಲವರದು ಪಕ್ಕದಲ್ಲಿ ನಿಂತವರಿಗೆ ಕೇಳಿಸುವಂಥ ಏಟು.

ಶತ್ರುವನ್ನು ಬೈದು ಮುಗಿಸಿದರೆ ಪ್ರಾರ್ಥನೆ ಮುಗಿಯುತ್ತದೆ ಎಂದುಕೊಂಡರೆ ಇಲ್ಲ. ಅದೇ ಉಸಿರಿನಲ್ಲಿ ಅದು ಒಳಕ್ಕೆ ತಿರುಗುತ್ತದೆ. ನಾನು ಯೋಚಿಸಿದ್ದು, ಆಡಿದ್ದು, ಮಾಡಿದ್ದು ಎಲ್ಲದರಲ್ಲಿ ಕೆಟ್ಟದ್ದಿದ್ದರೆ, ಅದು ದೇಹದ್ದಾಗಲಿ ಆತ್ಮದ್ದಾಗಲಿ, ಅದಕ್ಕೆ ಪಶ್ಚಾತ್ತಾಪ ಪಡುತ್ತೇನೆ ಎಂದು ಹೇಳಬೇಕು. ಕೈಯಲ್ಲಿರುವ ದಾರ ಅಹ್ರಿಮಾನನಿಗೆ ಬೀಸಿದ್ದೇ, ಆದರೆ ಮುಂದಿನ ಮಾತು ಬೀಸಿದವನ ಮೇಲೇ ಬರುತ್ತದೆ. ಈ ಹೊತ್ತಿನಲ್ಲಿ ಅವನ ಸೊಂಟದಲ್ಲಿ ಏನೂ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಆಮೇಲೆ ಕಟ್ಟುವುದು. ಮಾತು ಮತ್ತು ಕೈ ಜೊತೆಜೊತೆಗೆ ಸಾಗುವುದು ಇಲ್ಲೇ. ದಾರದ ನಡುಮಧ್ಯವನ್ನು ಹುಡುಕಿ ಹೊಕ್ಕುಳಿನ ಮುಂದೆ ಇಡುತ್ತಾರೆ. ಎರಡು ತುದಿಗಳನ್ನು ಎಡಬಲದಿಂದ ಬೆನ್ನಿಗೆ ಒಯ್ದು ಅದಲುಬದಲು ಮಾಡಿ ಮುಂದೆ ತಂದರೆ ಎರಡು ಸುತ್ತು ಆಯಿತು. ಈಗ ‘ಯಥಾ ಅಹು ವೈರ್ಯೊ’ ಎಂಬ, ಅವರಲ್ಲಿ ಎಲ್ಲಕ್ಕಿಂತ ಪವಿತ್ರವೆನಿಸಿದ ಇಪ್ಪತ್ತೊಂದು ಪದಗಳ ಪ್ರಾರ್ಥನೆಯನ್ನು ಎರಡು ಸಲ ಹೇಳಬೇಕು. ಅದರಲ್ಲಿ ‘ಶ್ಯಓಥನನಾಂ’ ಎಂಬ ಪದ ಬರುತ್ತದೆ, ಕರ್ಮಗಳ ಎಂಬ ಅರ್ಥದ್ದು. ಮೊದಲ ಸಲ ಆ ಪದಕ್ಕೆ ಬಂದಾಗ ಮುಂದೆ ಅರ್ಧ ಗಂಟು, ಎರಡನೆಯ ಸಲ ಅದೇ ಪದಕ್ಕೆ ಇನ್ನರ್ಧ. ಗಂಟು ಬೀಳಬೇಕಾದದ್ದು ದೇವರ ಹೆಸರಿನ ಮೇಲಲ್ಲ, ಮಾಡುವ ಕೆಲಸದ ಮೇಲೆ. ಮತ್ತೆ ತುದಿಗಳನ್ನು ಬೆನ್ನಿಗೆ ಒಯ್ದರೆ ಮೂರನೆಯ ಸುತ್ತು. ‘ಅಶೆಮ್ ವೊಹು’ ಹೇಳುತ್ತಾ ಬೆನ್ನಿನಲ್ಲಿ ಇನ್ನೊಂದು ಗಂಟು, ಇದೂ ಎರಡು ಅರ್ಧಗಳದ್ದೇ. ಕುಚ್ಚುಗಳು ಹಿಂದೆ ಜೋತುಬೀಳುತ್ತವೆ.

ಹೊಸದಾಗಿ ನವಜೋತ್ ಆದ ಮಕ್ಕಳು ಎಡವುವುದು ಇಲ್ಲಿಯೇ. ಎರಡು ಅರ್ಧ ಗಂಟುಗಳನ್ನೂ ಒಂದೇ ಕಡೆಯಿಂದ ಹಾಕಿದರೆ ಗಂಟು ಅಡ್ಡಡ್ಡ ತಿರುಚಿಕೊಂಡು ನಿಲ್ಲುತ್ತದೆ, ಓಡಾಡಿದ ಮೇಲೆ ಸಡಿಲವಾಗಿ ಕುಸ್ತಿ ಜಾರುತ್ತದೆ. ಮೊದಲರ್ಧದಲ್ಲಿ ಬಲದ ತುದಿ ಮೇಲೆ ಬಂದಿದ್ದರೆ ಎರಡನೆಯದರಲ್ಲಿ ಎಡದ್ದು ಮೇಲೆ ಬರಬೇಕು. ಆಗ ಗಂಟು ಹೊಟ್ಟೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ನೋಡಿದರೇ ಗೊತ್ತಾಗುತ್ತದೆ. ಬೆನ್ನಿನ ಗಂಟು ಕಣ್ಣಿಗೆ ಕಾಣದು, ಬೆರಳೇ ಕಲಿಯಬೇಕು. ಇನ್ನೊಂದು ತೊಡಕು ದಾರದ ನಡು ಸಿಗದಿರುವುದು. ಅಂದಾಜಿನಲ್ಲಿ ಹಿಡಿದರೆ ಕೊನೆಗೆ ಒಂದು ತುದಿ ಉದ್ದ, ಇನ್ನೊಂದು ಗಂಟಿಗೂ ಸಾಲದು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬಾರದು, ಕೊಟ್ಟರೆ ಮೊದಲಿನಿಂದ ಮಾಡಬೇಕು ಎಂದು ಮನೆಯ ಹಿರಿಯರು ಕಲಿಸುತ್ತಾರೆ. ಮೊಬೈಲ್ ಬಂದ ಮೇಲೆ ಈ ನಿಯಮ ಹೆಚ್ಚು ಕಷ್ಟವಾಗಿರಬಹುದು.

ಕಟ್ಟಿದ ಮೇಲೆ ಕೊನೆಯ ಪ್ರಾರ್ಥನೆ ‘ಜಸ ಮೆ ಅವಂಘೆ ಮಜ್ದಾ’. ಅದರ ಬಹುಪಾಲು ಯಸ್ನದ 12ನೆಯ ಅಧ್ಯಾಯದ್ದು, ಆ ಧರ್ಮದ ಪ್ರತಿಜ್ಞಾವಚನ. ನಾನು ಮಜ್ದಾನ ಆರಾಧಕ, ಜರತುಷ್ಟ್ರನ ದಾರಿಯವನು, ಒಳ್ಳೆಯ ಯೋಚನೆಗೆ, ಮಾತಿಗೆ, ಕೆಲಸಕ್ಕೆ ಬದ್ಧ, ಆಯುಧ ಕೆಳಗಿಡಿಸುವ ಈ ಧರ್ಮವನ್ನು ಒಪ್ಪಿದ್ದೇನೆ ಎಂದು ಅದರ ಸಾರ. ಧರ್ಮಕ್ಕೆ ಹೊಸದಾಗಿ ಸೇರುವವರು ಒಮ್ಮೆ ಹೇಳಿ ಮುಗಿಸಬಹುದಾದ ಮಾತನ್ನು ಹುಟ್ಟಿನಿಂದಲೇ ಅದರಲ್ಲಿರುವವರು ದಿನಕ್ಕೆ ಹಲವು ಸಲ ಹೇಳಬೇಕು. ಜರತುಷ್ಟ್ರನ ಬೋಧೆಯಲ್ಲಿ ಮನುಷ್ಯನ ಮುಂದೆ ಸತ್ಯ ಮತ್ತು ಸುಳ್ಳು ಎರಡೂ ಇವೆ, ಆರಿಸಿಕೊಳ್ಳಬೇಕಾದವನು ಅವನೇ. ಬೆಳಗ್ಗೆ ಆರಿಸಿದ್ದು ಮಧ್ಯಾಹ್ನದ ತನಕ ತಾನಾಗಿ ಉಳಿಯುತ್ತದೆ ಎಂಬ ಭರವಸೆ ಈ ವಿಧಿಯನ್ನು ರೂಪಿಸಿದ ಪುರೋಹಿತರಿಗೆ ಇರಲಿಲ್ಲ. ಅದಕ್ಕೇ ಪ್ರತಿಜ್ಞೆಯನ್ನು ಗಂಟಿಗೆ ಕಟ್ಟಿ, ಗಂಟನ್ನು ಬಿಚ್ಚುವುದನ್ನೂ ಕಡ್ಡಾಯ ಮಾಡಿದರು.

ಎಷ್ಟು ಸಲ ಬಿಚ್ಚಬೇಕು? ಅವರ ದಿನಕ್ಕೆ ಐದು ಗಾಹ್‌ಗಳು, ಅಂದರೆ ಜಾವಗಳು. ಸೂರ್ಯೋದಯದಿಂದ ಮಧ್ಯಾಹ್ನ, ಅಲ್ಲಿಂದ ಮೂರು ಗಂಟೆ, ಅಲ್ಲಿಂದ ಸೂರ್ಯಾಸ್ತ, ಆಮೇಲೆ ನಡುರಾತ್ರಿಯ ತನಕ, ಮತ್ತೆ ಬೆಳಗಿನ ತನಕ. ಪ್ರತಿ ಗಾಹ್‌ನ ಪ್ರಾರ್ಥನೆಗೆ ಮುಂಚೆ ಕುಸ್ತಿ ಮಾಡಬೇಕು. ಅದಲ್ಲದೆ ಎದ್ದ ತಕ್ಷಣ, ಶೌಚಕ್ಕೆ ಹೋಗಿ ಬಂದಾಗ, ಸ್ನಾನದ ಬಳಿಕ, ಊಟಕ್ಕೆ ಮುಂಚೆ, ಅಗಿಯಾರಿಯ ಒಳಗೆ ಕಾಲಿಡುವ ಮುನ್ನ. ಅಗಿಯಾರಿ ಎಂದರೆ ಅಗ್ನಿಮಂದಿರ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿರುವ ಅಗಿಯಾರಿಗೆ ಬರುವವರಿಗೂ ಮೊದಲು ನೀರು, ಆಮೇಲೆ ಕುಸ್ತಿ, ಆಮೇಲೇ ಅಗ್ನಿಯ ದರ್ಶನ. ಇಷ್ಟನ್ನೂ ಚಾಚೂ ತಪ್ಪದೆ ಮಾಡುವವರು ಇಂದು ಹೆಚ್ಚಾಗಿ ಪುರೋಹಿತರು ಮತ್ತು ಮನೆಯ ಹಿರಿಯರು. ದುಡಿಯುವವರಲ್ಲಿ ಅನೇಕರು ಬೆಳಗ್ಗೆ ಸ್ನಾನವಾದ ಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಎಂದು ಇಟ್ಟುಕೊಂಡಿದ್ದಾರೆ. ಇರಾನಿನಲ್ಲಿ ಉಳಿದ ಜರತುಷ್ಟ್ರೀಯರಲ್ಲಂತೂ ಅದನ್ನು ಪ್ರಾರ್ಥನೆ, ಹಬ್ಬಗಳ ಹೊತ್ತಿಗೆ ಮಾತ್ರ ಕಟ್ಟಿಕೊಳ್ಳುವವರೇ ಹೆಚ್ಚು. ಸೊಂಟದ ದಾರವೇ ಗುರುತು ಹಿಡಿಸಿಕೊಟ್ಟು ಕಿರುಕುಳಕ್ಕೆ ಗುರಿಮಾಡುತ್ತಿದ್ದ ನೆಲದಲ್ಲಿ ಅದು ಆಶ್ಚರ್ಯವೂ ಅಲ್ಲ.

ಹಳೆಯ ಪುರೋಹಿತರು ಈ ದಾರಕ್ಕೆ ಕೊಟ್ಟ ವಿವರಣೆ ನಮ್ಮ ಕಾಲದ ಅಂಕಿ ಸಂಕೇತಗಳಿಗಿಂತ ಗಟ್ಟಿಯಾದದ್ದು. ಒಂಬತ್ತನೆಯ ಶತಮಾನದಲ್ಲಿ ಇರಾನಿನ ಪ್ರಧಾನ ಪುರೋಹಿತ ಮನುಶ್ಚಿಹ್ರನಿಗೆ ಜನ ಬರೆದು ಕೇಳಿದ ಪ್ರಶ್ನೆಗಳಲ್ಲಿ ಕುಸ್ತಿ ಏಕೆ ಕಟ್ಟಬೇಕು ಎಂಬುದೂ ಒಂದು. ‘ದಾದೆಸ್ತಾನ್-ಇ ದೇನಿಗ್’ ಎಂಬ ಪಹ್ಲವಿ ಗ್ರಂಥದಲ್ಲಿ ಅವನ ಉತ್ತರವಿದೆ. ಒಡೆಯನ ಮುಂದೆ ಸೇವಕ ನಡು ಬಿಗಿದು ನಿಲ್ಲುವಂತೆ ದೇವರ ಮುಂದೆ ಮನುಷ್ಯ ನಿಲ್ಲಬೇಕು ಎನ್ನುವುದು ಒಂದು ಕಾರಣ. ದೇಹದಲ್ಲಿ ಬೆಳಕಿನ ಮೇಲರ್ಧಕ್ಕೂ ಕತ್ತಲ ಕೆಳಗಿನರ್ಧಕ್ಕೂ ನಡುವೆ ಅದೊಂದು ಗಡಿ ಎನ್ನುವುದು ಇನ್ನೊಂದು. ಇನ್ನೊಂದು ಪಹ್ಲವಿ ಗ್ರಂಥ ‘ಶಾಯೆಸ್ತ್ ನೆ-ಶಾಯೆಸ್ತ್’ ಕುಸ್ತಿಯಿಲ್ಲದೆ ನಡೆದಾಡುವ ಪಾಪವನ್ನು ಹೆಜ್ಜೆಯ ಲೆಕ್ಕದಲ್ಲಿ ಅಳೆಯುತ್ತದೆ. ಮೂರು ಹೆಜ್ಜೆಯ ತನಕ ಪ್ರತಿಯೊಂದಕ್ಕೂ ಸಣ್ಣ ಪಾಪ, ನಾಲ್ಕನೆಯ ಹೆಜ್ಜೆಗೆ ದೊಡ್ಡದು. ಬಿಚ್ಚಿದವರು ಕದಲದೆ ನಿಂತಲ್ಲೇ ಮತ್ತೆ ಕಟ್ಟಿಕೊಳ್ಳುವುದಕ್ಕೆ ಈ ಭಯವೂ ಒಂದು ಕಾರಣ. ಬಿಚ್ಚುವುದು ವಿಧಿ, ಬಿಚ್ಚಿಕೊಂಡು ಅಲೆಯುವುದು ಅಪರಾಧ.

ಪ್ರತಿಜ್ಞೆ ಮಾಡಿ ದಾರ ಕಟ್ಟಿಕೊಂಡವರೆಲ್ಲ ಸಮುದಾಯದವರೇ ಆಗುತ್ತಾರೆಯೇ ಎಂಬ ಪ್ರಶ್ನೆ ಭಾರತದಲ್ಲಿ ಕೋರ್ಟಿನ ತನಕ ಹೋಯಿತು. ಉದ್ಯಮಿ ರತನ್‌ಜಿ ದಾದಾಭಾಯ್ ಟಾಟಾ ಫ್ರಾನ್ಸಿನ ಸುಜಾನ್ ಬ್ರಿಯೇರ್ ಎಂಬಾಕೆಯನ್ನು ಮದುವೆಯಾದರು. ಮುಂದೆ ಹೆಸರಾದ ಜೆ.ಆರ್.ಡಿ. ಟಾಟಾ ಅವರ ತಂದೆತಾಯಿ ಇವರೇ. ಸುಜಾನ್ ಅವರಿಗೆ ಮುಂಬೈನಲ್ಲಿ ನವಜೋತ್ ಆಯಿತು, ಸುದ್ರೆ ತೊಟ್ಟರು, ಕುಸ್ತಿ ಕಟ್ಟಿಕೊಂಡರು. ಆದರೆ ಪಾರ್ಸಿ ಟ್ರಸ್ಟುಗಳ ಅಗ್ನಿಮಂದಿರ ಮತ್ತು ದಖ್ಮಾ, ಅಂದರೆ ಶವವಿಡುವ ಗೋಪುರ, ಇವುಗಳ ಮೇಲೆ ಆಕೆಗೆ ಹಕ್ಕಿದೆಯೇ ಎಂಬ ವ್ಯಾಜ್ಯ ಎದ್ದಿತು. ಪೆಟಿಟ್ ಮತ್ತು ಜೀಜೀಭಾಯ್ ಮೊಕದ್ದಮೆ ಎಂದೇ ಅದು ಪ್ರಸಿದ್ಧ. 1908ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ದಿನ್ಶಾ ದಾವರ್ ಮತ್ತು ಫ್ರಾಂಕ್ ಬೀಮನ್ ತೀರ್ಪು ಕೊಟ್ಟರು. ಜರತುಷ್ಟ್ರ ಧರ್ಮ ಅನ್ಯರನ್ನು ಸೇರಿಸಿಕೊಳ್ಳಲು ಅಡ್ಡಿ ಮಾಡುವುದಿಲ್ಲ ಎಂದು ಅವರು ಒಪ್ಪಿದರು. ಆದರೆ ಭಾರತದ ಪಾರ್ಸಿಗಳಲ್ಲಿ ಆ ರೂಢಿ ಇರಲಿಲ್ಲ, ಆದ್ದರಿಂದ ಟ್ರಸ್ಟಿನ ಸೊತ್ತು ಸಲ್ಲುವುದು ಪಾರ್ಸಿ ವಂಶದವರಿಗೆ, ಇರಾನಿನಿಂದ ಬಂದು ನೆಲೆಸಿದ ಜರತುಷ್ಟ್ರೀಯರಿಗೆ, ಮತ್ತು ಪಾರ್ಸಿ ತಂದೆಗೆ ಹೊರಗಿನ ಹೆಂಡತಿಯಲ್ಲಿ ಹುಟ್ಟಿ ವಿಧಿವತ್ತಾಗಿ ಧರ್ಮಕ್ಕೆ ಸೇರಿದ ಮಕ್ಕಳಿಗೆ ಎಂದರು. ಪಾರ್ಸಿ ತಾಯಿಗೆ ಹೊರಗಿನ ಗಂಡನಲ್ಲಿ ಹುಟ್ಟಿದ ಮಕ್ಕಳು ಆ ಪಟ್ಟಿಯಲ್ಲಿ ಇರಲಿಲ್ಲ. ಅಂಥ ಮಕ್ಕಳಿಗೆ ನವಜೋತ್ ಮಾಡಬೇಕೇ ಬೇಡವೇ ಎಂದು ಪುರೋಹಿತರು ಇಂದಿಗೂ ಒಂದು ಮಾತಿಗೆ ಬಂದಿಲ್ಲ. ಮಾಡಿಸುವವರು ಮಾಡಿಸುತ್ತಿದ್ದಾರೆ, ಒಪ್ಪದವರು ಅವರಿಗೆ ಅಗಿಯಾರಿಯ ಬಾಗಿಲು ತೆರೆಯುತ್ತಿಲ್ಲ.